ಜೊಳ್ಳು ಹುಟ್ಟುವ ಆ ಒಂದು ಗಂಟೆ

ಸಿಂಧನೂರು ಕಡೆ ನಮ್ಮ ನೆಂಟರೊಬ್ಬರ ಗದ್ದೆಯಲ್ಲಿ ಒಂದು ಬೇಸಿಗೆ ಭತ್ತದ ಬೆಳೆ ಕೈಕೊಟ್ಟಿತ್ತು. ದೂರದಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಪೈರು ಎದೆ ಸೆಟೆದು ನಿಂತಿತ್ತು, ಎಲೆ ಹಸಿರಾಗಿತ್ತು. ಆದರೆ ಆ ಸೆಟೆದು ನಿಂತಿದ್ದೇ ತಪ್ಪು. ಕಾಳು ತುಂಬಿದ ತೆನೆ ಬಾಗಬೇಕಲ್ವಾ? ಇವು ಕೊಯ್ಲಿಗೆ ಹತ್ತು ದಿನ ಇದ್ದಾಗಲೂ ನೆಟ್ಟಗೇ ಇದ್ದವು. ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿದೆ. ಅರ್ಧದಷ್ಟು ಹಾರಿಹೋಯಿತು. ಬರೀ ಜೊಳ್ಳು.

"ಬೀಜಾನ ಖೊಟ್ಟಿ ಅದಾವ, ಅಂಗಡಿಯಾಂವ ಮೋಸ ಮಾಡ್ಯಾನ" ಅಂದರು ಅವರು. ಆದರೆ ಅದೇ ಅಂಗಡಿಯ ಅದೇ ಬೀಜವನ್ನು ಇಪ್ಪತ್ತು ದಿನ ಮುಂಚೆ ಸಸಿಮಡಿಗೆ ಹಾಕಿದ್ದ ಪಕ್ಕದವರ ಗದ್ದೆಯಲ್ಲಿ ತೆನೆ ಬಾಗಿ ನೀರು ಮುಟ್ಟುವಂತಿತ್ತು. ಬೀಜ ಒಂದೇ, ಮಣ್ಣು ಒಂದೇ, ಕಾಲುವೆ ಒಂದೇ. ಬೇರೆಯಾಗಿದ್ದು ಹೂ ಬಿಟ್ಟ ವಾರ ಮಾತ್ರ.

ಭತ್ತ ಬಿಸಿಲಿನ ಬೆಳೆ, ಅದಕ್ಕೇನು ಸೆಕೆ ಅಂತ ನಾವು ಅಂದುಕೊಳ್ಳುತ್ತೇವೆ. ಒಂದು ಮಟ್ಟಿಗೆ ನಿಜವೂ ಹೌದು. ಎಲೆ, ಕಾಂಡ, ಬೇರು ಎಲ್ಲವೂ 38-39 ಡಿಗ್ರಿಯನ್ನು ಹೇಗೋ ತಡೆದುಕೊಳ್ಳುತ್ತವೆ, ನೀರಿದ್ದರೆ ಸಾಕು. ತಡೆಯದೆ ಇರುವುದು ಒಂದೇ, ಹೂವು. ಅದೂ ಹೂವಿನ ಬದುಕಿನ ಒಂದು ಗಂಟೆಯಲ್ಲಿ.

ಒಂದು ಹೂ ತೆರೆದು ಮುಚ್ಚುವುದರೊಳಗೆ

ಭತ್ತದ ಹೂವನ್ನು ಹೂ ಅಂತ ಯಾರೂ ಕರೆಯುವುದಿಲ್ಲ, ಯಾಕೆಂದರೆ ಅದು ಹೂವಿನಂತೆ ಕಾಣುವುದಿಲ್ಲ. ನಾಳೆ ಭತ್ತದ ಕಾಳಾಗಬೇಕಾದ ಆ ಎರಡು ಹೊಟ್ಟಿನ ಗೂಡೇ ಹೂವು. ಒಂದು ಗೂಡಿಗೆ ಒಂದು ಹೂ, ಒಂದು ಹೂವಿಗೆ ಒಂದು ಕಾಳು. ಒಳಗೆ ಆರು ಪರಾಗಕೋಶಗಳು, ನಡುವೆ ಒಂದು ಅಂಡಾಶಯ, ಅದರ ತಲೆಯ ಮೇಲೆ ಸಣ್ಣ ಗರಿಯಂಥ ಎರಡು ಶಲಾಕಾಗ್ರಗಳು. ಪರಾಗ ಬಂದು ಕೂರಬೇಕಾದ್ದು ಆ ಗರಿಗಳ ಮೇಲೆ.

ತೆನೆ ತನ್ನನ್ನು ಸುತ್ತಿಕೊಂಡ ಎಲೆಯ ಕವಚದಿಂದ, ಅಂದರೆ ಹೊಡೆಯಿಂದ, ಹೊರಗೆ ಬಂದ ದಿನ ಅಥವಾ ಮಾರನೇ ದಿನ ಹೂ ಅರಳಲು ಶುರುವಾಗುತ್ತದೆ. ಬೆಳಿಗ್ಗೆ ಒಂಬತ್ತು ಒಂಬತ್ತೂವರೆಗೆ ಗದ್ದೆಗೆ ಹೋಗಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದು ತೆನೆಯನ್ನೇ ನೋಡುತ್ತಿರಿ. ಗೂಡಿನ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾದ ಎರಡು ಉಬ್ಬುಗಳಿವೆ. ಅವು ನೀರು ಹೀರಿ ಊದಿಕೊಂಡು ಹೊಟ್ಟನ್ನು ಒಳಗಿನಿಂದ ತಳ್ಳುತ್ತವೆ. ಮುಚ್ಚಿದ್ದ ಗೂಡು ಹಕ್ಕಿಮರಿ ಬಾಯಿ ತೆರೆದ ಹಾಗೆ ತೆರೆದುಕೊಳ್ಳುತ್ತದೆ. ಆರು ಪರಾಗಕೋಶಗಳು ಎಳೆ ಉದ್ದವಾಗಿ ಹೊರಗೆ ಚಾಚುತ್ತವೆ. ಸುಮಾರು ಅದೇ ಹೊತ್ತಿಗೆ ಅವು ಬಿರಿದು, ಪರಾಗ ಪುಡಿಯಂತೆ ಉದುರಿ ಗರಿಗಳ ಮೇಲೆ ಬೀಳಬೇಕು. ಒಂದು ಗಂಟೆಯ ಆಸುಪಾಸಿನಲ್ಲಿ ಗೂಡು ಮತ್ತೆ ಮುಚ್ಚುತ್ತದೆ, ಒಣಗಿದ ಪರಾಗಕೋಶಗಳು ಮಾತ್ರ ಹೊರಗೆ ನೇತಾಡುತ್ತವೆ. ಆ ಗೂಡು ಮತ್ತೆಂದೂ ತೆರೆಯುವುದಿಲ್ಲ. ನಾಳೆ ನೋಡೋಣ ಅನ್ನುವ ಮಾತಿಲ್ಲ.

ಸೆಕೆ ಕೆಡಿಸುವುದು ಈ ಬಿರಿಯುವ ಕೆಲಸವನ್ನು. ಪರಾಗಕೋಶ ಸುಮ್ನೆ ಒಣಗಿ ಒಡೆಯುವುದಿಲ್ಲ. ಒಳಗಿನ ಪರಾಗದ ಕಣಗಳು ನೀರು ಕುಡಿದು ಉಬ್ಬಬೇಕು. ಆ ಉಬ್ಬಿಗೆ ಒಳಗಿನ ತೆಳು ಗೋಡೆ ಹರಿದು, ಆಮೇಲೆ ಹೊರಗಿನ ಸೀಳು ಬಾಯಿ ಬಿಡಬೇಕು. ಹೂ ಅರಳುವ ಹೊತ್ತಿನಲ್ಲಿ ಬಿಸಿ ಜಾಸ್ತಿಯಾದರೆ ಪರಾಗ ಸರಿಯಾಗಿ ಉಬ್ಬುವುದಿಲ್ಲ, ಕೋಶ ಅರ್ಧ ಬಿರಿಯುತ್ತದೆ ಅಥವಾ ಬಿರಿಯುವುದೇ ಇಲ್ಲ. ಪರಾಗ ಕೋಶದಲ್ಲೇ ಉಳಿಯುತ್ತದೆ. ಒಂದು ಹೂ ಗಟ್ಟಿಯಾಗಿ ಕಾಳು ಕಟ್ಟಲು ಗರಿಯ ಮೇಲೆ ಹತ್ತಿಪ್ಪತ್ತು ಪರಾಗ ಕಣಗಳಾದರೂ ಬಿದ್ದಿರಬೇಕು. ಬಿಸಿ ತಾಕಿದ ಹೂವಿನಲ್ಲಿ ಅಷ್ಟೂ ಬೀಳುವುದಿಲ್ಲ. ಬಿದ್ದ ಕಣವೂ ಮೊಳೆತು ಅಂಡಾಶಯದವರೆಗೆ ತನ್ನ ನಳಿಕೆ ಇಳಿಸಬೇಕು. ಭತ್ತದ ಪರಾಗದ ಆಯಸ್ಸು ಕೆಲವೇ ನಿಮಿಷ. ಬಿಸಿಗಾಳಿಯಲ್ಲಿ ಅದೂ ಕಡಿಮೆ.

ಹೆಣ್ಣು ಭಾಗ ಇದಕ್ಕಿಂತ ಗಟ್ಟಿ. ಬಿಸಿ ತಾಕಿದ ಹೂವಿನ ಗರಿಯ ಮೇಲೆ ತಂಪಿನಲ್ಲಿ ಬೆಳೆದ ಗಿಡದ ಪರಾಗ ತಂದು ಉದುರಿಸಿದರೆ ಕಾಳು ಕಟ್ಟುತ್ತದೆ. ಹಾಗಾಗಿ ಮೊದಲು ಸೋಲುವುದು ಗಂಡು ಭಾಗವೇ ಅಂತ ವಿಜ್ಞಾನಿಗಳು ಹೇಳುತ್ತಾರೆ.

ಎಷ್ಟು ಬಿಸಿ? ಫಿಲಿಪೈನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸತಾಕೆ ಮತ್ತು ಯೋಶಿದಾ ಎಂಬ ವಿಜ್ಞಾನಿಗಳು 1978ರಲ್ಲಿ ಇದನ್ನು ಬಿಡಿಸಿ ನೋಡಿದರು. ಹೂ ಅರಳುವ ಹೊತ್ತಿನ ಬಿಸಿಯೇ ಎಲ್ಲಕ್ಕಿಂತ ಕೆಟ್ಟದ್ದು, ಅರಳಿ ಒಂದು ಗಂಟೆ ಕಳೆದ ಮೇಲೆ ಬಿಸಿ ಏರಿದರೆ ಹೆಚ್ಚೇನೂ ಆಗುವುದಿಲ್ಲ ಅಂತ ಅವರಿಗೆ ಕಂಡಿತು. ಸಾಮಾನ್ಯವಾಗಿ 35 ಡಿಗ್ರಿಯನ್ನು ಗೆರೆ ಅಂತ ಹೇಳುತ್ತಾರೆ. 2007ರಲ್ಲಿ ಕೃಷ್ಣ ಜಗದೀಶ್ ಮತ್ತು ಜೊತೆಗಾರರು ಇನ್ನೂ ಸೂಕ್ಷ್ಮವಾಗಿ ಅಳೆದರು. ಹೂವಿನ ಒಳಗಿನ ಬಿಸಿ 33.7 ಡಿಗ್ರಿ ಮುಟ್ಟಿ ಒಂದು ಗಂಟೆಯೂ ಇರಬೇಕಿಲ್ಲ, ಅಷ್ಟಕ್ಕೇ ಜೊಳ್ಳು ಶುರುವಾಗುತ್ತದೆ ಅಂತ ತೋರಿಸಿದರು. ಇಲ್ಲಿ 'ಹೂವಿನ ಒಳಗಿನ' ಅನ್ನುವ ಮಾತನ್ನು ನೆನಪಿಡಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇದರಿಂದ ಒಂದು ತಮಾಷೆಯ ವಿಷಯ ಹೊರಡುತ್ತದೆ. ಟಿವಿಯಲ್ಲಿ ಹೇಳುವ "ಇಂದು ರಾಯಚೂರಿನಲ್ಲಿ 41 ಡಿಗ್ರಿ" ಅನ್ನುವ ಅಂಕಿ ಮಧ್ಯಾಹ್ನ ಮೂರು ಗಂಟೆಯ ಆಸುಪಾಸಿನದು. ಆ ಹೊತ್ತಿಗೆ ಅವತ್ತಿನ ಹೂಗಳೆಲ್ಲ ಬಾಗಿಲು ಹಾಕಿಕೊಂಡು ಆಗಿರುತ್ತದೆ. ಭತ್ತಕ್ಕೆ ಬೇಕಾದ ಅಂಕಿ ಬೆಳಗಿನ ಹತ್ತರಿಂದ ಹನ್ನೆರಡರದು. ಅದನ್ನು ಯಾವ ಸುದ್ದಿಯಲ್ಲೂ ಹೇಳುವುದಿಲ್ಲ.

ತೆನೆ ಬರೆದಿಟ್ಟ ದಿನಚರಿ

ಮತ್ತೆ ನಮ್ಮ ನೆಂಟರ ಗದ್ದೆಗೆ ಬರುತ್ತೇನೆ. ಅವರು ಡಿಸೆಂಬರ್ 25ರ ಹೊತ್ತಿಗೆ ಸಸಿಮಡಿ ಮಾಡಿದ್ದರು. ಮುಂಗಾರಿನ ಬೆಳೆ ಕೊಯ್ಲು ತಡವಾಗಿತ್ತು, ನಾಟಿ ಫೆಬ್ರವರಿಗೆ ಹೋಯಿತು. ಸುಮಾರು 130 ದಿನದ ತಳಿ. ಭತ್ತದಲ್ಲಿ ಹೂವಿನಿಂದ ಕೊಯ್ಲಿಗೆ ಹೆಚ್ಚುಕಡಿಮೆ 30 ದಿನ, ತಳಿ ಯಾವುದಾದರೂ ಇದು ಬಹಳ ಬದಲಾಗುವುದಿಲ್ಲ. ಅಂದರೆ ಬಿತ್ತಿದ ನೂರನೇ ದಿನಕ್ಕೆ ಹೂ. ಲೆಕ್ಕ ಹಾಕಿದರೆ ಏಪ್ರಿಲ್ 4ರ ಆಸುಪಾಸು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಏಪ್ರಿಲ್ ಅಂದರೆ ಗೊತ್ತಲ್ಲ, ಬೆಳಿಗ್ಗೆ ಹನ್ನೊಂದಕ್ಕೇ ಬರಿಗಾಲಲ್ಲಿ ಬದುವಿನ ಮೇಲೆ ನಡೆಯಲಾಗುವುದಿಲ್ಲ. ಪಕ್ಕದವರ ಗದ್ದೆ ಹೂ ಬಿಟ್ಟಿದ್ದು ಮಾರ್ಚ್ ಮಧ್ಯದ ನಂತರ. ಅಷ್ಟೇ ವ್ಯತ್ಯಾಸ.

ಆದರೆ ಜೊಳ್ಳಿಗೆಲ್ಲ ಸೆಕೆಯೇ ಕಾರಣ ಅಂತ ಹೇಳಿಬಿಡಬಾರದು. ಅದನ್ನು ನೋಡಿ ತೀರ್ಮಾನಿಸುವ ದಾರಿ ಇದೆ. ಹತ್ತು ತೆನೆ ಕಿತ್ತುಕೊಳ್ಳಿ, ಒಂದೇ ಕಡೆಯಿಂದ ಬೇಡ, ಗದ್ದೆಯ ಉದ್ದಗಲಕ್ಕೆ ನಡೆದು ಕೀಳಿ.

ಮೊದಲು ತೆನೆಯ ಕಾಂಡ ನೋಡಿ. ಇಡೀ ತೆನೆ ಬೆಳ್ಳಗಾಗಿ, ಎಳೆದರೆ ಸಲೀಸಾಗಿ ಕೈಗೆ ಬಂದರೆ ಅದು ಕಾಂಡ ಕೊರೆಯುವ ಹುಳು, ಸೆಕೆಯಲ್ಲ. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದಿದ್ದರೆ ಬೆಂಕಿ ರೋಗ. ಹೊಟ್ಟಿನ ಮೇಲೆ ಕಂದು ಚುಕ್ಕೆಗಳಿದ್ದರೆ ತಿಗಣೆ ಹಾಲು ಹೀರಿರಬಹುದು. ಸೆಕೆಯ ಜೊಳ್ಳಿಗೆ ಇಂಥ ಗುರುತಿಲ್ಲ. ಕುತ್ತಿಗೆ ಹಸಿರಾಗಿ ಗಟ್ಟಿಯಾಗಿರುತ್ತದೆ, ಹೊಟ್ಟು ಚೊಕ್ಕವಾಗಿರುತ್ತದೆ. ಗೂಡನ್ನು ಬಿಸಿಲಿಗೆ ಹಿಡಿದರೆ ಬೆಳಕು ಹಾಯುತ್ತದೆ. ಉಗುರಿನಿಂದ ಬಿಡಿಸಿದರೆ ಒಳಗೆ ಬೆಳೆಯದೆ ಮುದುಡಿದ ಸಣ್ಣ ಅಂಡಾಶಯ ಮಾತ್ರ ಇರುತ್ತದೆ. ಅಕ್ಕಿಯ ಚೂರಾದರೂ ಇದ್ದರೆ, ಅಂದರೆ ಕಾಳು ಕಟ್ಟಲು ಶುರುಮಾಡಿ ಅರ್ಧದಲ್ಲಿ ನಿಂತಿದ್ದರೆ, ಅದು ಬೇರೆ ಕಥೆ. ಅಲ್ಲಿ ಹೂ ಕೂಡಿದೆ, ಊಟ ಸಾಲಲಿಲ್ಲ.

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ತೆನೆಯ ಹೂಗಳು ಒಂದೇ ದಿನ ಅರಳುವುದಿಲ್ಲ. ಮೇಲಿನ ಕವಲುಗಳು ಮೊದಲು, ಬುಡದವು ಕೊನೆಗೆ, ಒಟ್ಟು ಐದಾರು ದಿನ. ಹಾಗಾಗಿ ತೆನೆ ಅಂದರೆ ಒಂದು ದಿನಚರಿ. ತುದಿಯ ಕವಲುಗಳು ಸೋಮವಾರದ ಪುಟ ಆದರೆ ಬುಡದವು ಶುಕ್ರವಾರದ್ದು. ಎರಡು ದಿನ ಮಾತ್ರ ಸೆಕೆ ಏರಿ ಇಳಿದಿದ್ದರೆ ತೆನೆಯ ಒಂದು ಭಾಗದಲ್ಲಿ ಜೊಳ್ಳು ಪಟ್ಟಿಯಂತೆ ಕಾಣಬಹುದು. ಗೊಬ್ಬರ, ಬೆಳಕು ಸಾಲದೆ ಆಗುವ ಜೊಳ್ಳು ಸಾಮಾನ್ಯವಾಗಿ ಬುಡದ ಸಣ್ಣ ಕವಲುಗಳಲ್ಲಿ ಇರುತ್ತದೆ, ಯಾಕೆಂದರೆ ಪಂಕ್ತಿಯಲ್ಲಿ ಕೊನೆಗೆ ಕೂತವರಿಗೆ ಊಟ ಕಡಿಮೆ. ತುದಿಯ ಕವಲುಗಳೇ ಖಾಲಿ ಇದ್ದರೆ ಹೂವಿನ ಹೊತ್ತಿನಲ್ಲಿ ಏನೋ ಆಗಿದೆ ಅಂತ ಅನುಮಾನ ಪಡಬೇಕು. ನಮ್ಮ ನೆಂಟರ ತೆನೆಗಳಲ್ಲಿ ತುದಿಯಿಂದ ನಡುವಿನವರೆಗೆ ಖಾಲಿ, ಬುಡದಲ್ಲಿ ಒಂದಿಷ್ಟು ಕಾಳು. ತೆನೆ ತಿರುವುಮುರುವಾಗಿ ತುಂಬಿತ್ತು.

ಒಂದು ಎಚ್ಚರಿಕೆಯೂ ಬೇಕು. ಒಂದೇ ಗದ್ದೆಯಲ್ಲಿ ಗಿಡದ ಬುಡದಿಂದ ಮೊದಲು ಒಡೆದ ಕಾಂಡದ ತೆನೆಗೂ ಕೊನೆಗೆ ಒಡೆದ ಕಾಂಡದ ತೆನೆಗೂ ಹತ್ತು ಹನ್ನೆರಡು ದಿನದ ಅಂತರ ಇರುತ್ತದೆ. ಒಂದು ತೆನೆ ಓದಿ ಇಡೀ ಗದ್ದೆಯ ಕಥೆ ಹೇಳಲಾಗದು. ಹತ್ತು ಬೇಕು ಅಂದಿದ್ದು ಅದಕ್ಕೆ.

ಈಗ ಚೀಲದ ಲೆಕ್ಕ. ಒಂದು ಚದರ ಮೀಟರಿನಲ್ಲಿ 350 ತೆನೆ, ತೆನೆಗೆ 140 ಹೂ ಅಂತ ಇಟ್ಟುಕೊಳ್ಳಿ. ಒಟ್ಟು 49,000 ಹೂ. ಒಳ್ಳೆಯ ವರ್ಷದಲ್ಲೂ ನೂರಕ್ಕೆ ಹದಿನೈದು ಜೊಳ್ಳಾಗುವುದು ಸಹಜ. ಉಳಿದ 85 ತುಂಬಿದರೆ 41,650 ಕಾಳು. ಸಣ್ಣ ಕಾಳಿನ ಸೋನಾ ಜಾತಿಯಲ್ಲಿ ಸಾವಿರ ಕಾಳು ಸುಮಾರು 15 ಗ್ರಾಂ ತೂಗುತ್ತದೆ. ಆಗ ಚದರ ಮೀಟರಿಗೆ 625 ಗ್ರಾಂ, ಎಕರೆಗೆ ಸುಮಾರು 25 ಕ್ವಿಂಟಲ್. 75 ಕೆ.ಜಿ. ಚೀಲದಲ್ಲಿ 33-34 ಚೀಲ. ಅದೇ ಗದ್ದೆಯಲ್ಲಿ ನೂರಕ್ಕೆ 60 ಮಾತ್ರ ತುಂಬಿದರೆ 24 ಚೀಲ. ಹತ್ತು ಚೀಲ ಗಾಳಿಗೆ ಹೋಯಿತು. ನಾಟಿ, ಗೊಬ್ಬರ, ಔಷಧಿ, ಕೊಯ್ಲಿನ ಯಂತ್ರದ ಬಾಡಿಗೆ ಯಾವುದರಲ್ಲೂ ಒಂದು ರೂಪಾಯಿ ಕಡಿಮೆ ಆಗಿಲ್ಲ.

ಉಳಿದ ಕಾಳುಗಳಾದರೂ ದಪ್ಪ ಆಗಿ ನಷ್ಟ ತುಂಬಿಕೊಡಬಾರದೇ ಅಂತ ಕೇಳಬಹುದು. ಆಗುವುದಿಲ್ಲ. ಭತ್ತದ ಕಾಳು ಹೊಟ್ಟಿನ ಡಬ್ಬಿಯೊಳಗೆ ಬೆಳೆಯುತ್ತದೆ. ಆ ಡಬ್ಬಿಯ ಅಳತೆ ಹೂ ಅರಳುವ ಮೊದಲೇ ನಿಗದಿಯಾಗಿರುತ್ತದೆ. ಎಷ್ಟು ಊಟ ಮಿಕ್ಕಿದ್ದರೂ ಡಬ್ಬಿ ಹಿಗ್ಗುವುದಿಲ್ಲ. ಮಿಕ್ಕ ಊಟ ಹುಲ್ಲಿನಲ್ಲೇ ಉಳಿಯುತ್ತದೆ. ಜೊಳ್ಳು ಬಿದ್ದ ಗದ್ದೆಯ ಪೈರು ಕೊಯ್ಲಿನವರೆಗೂ ಹಸಿರಾಗಿ ಚೆಂದ ಕಾಣುವುದು ಇದೇ ಕಾರಣಕ್ಕೆ.

ಗಾಳಿಯ ಬಿಸಿ ಬೇರೆ, ಹೂವಿನ ಬಿಸಿ ಬೇರೆ

35 ಡಿಗ್ರಿ ಗೆರೆ ಅಂದಮೇಲೆ ಒಂದು ಪ್ರಶ್ನೆ ಏಳಲೇಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಏಪ್ರಿಲ್‌ನಲ್ಲಿ ಹನ್ನೊಂದು ಗಂಟೆಗೆ 35 ದಾಟುವುದು ಹೊಸದೇನಲ್ಲ. ಹಾಗಿದ್ದರೆ ಅಲ್ಲಿ ಬೇಸಿಗೆ ಭತ್ತವೇ ಬರಬಾರದಿತ್ತು. ಬರುತ್ತಿದೆಯಲ್ಲ?

ಉತ್ತರ ಮಣ್ಣಿನ ಮಡಕೆಯಲ್ಲಿದೆ. ಹೊರಗೆ ಎಷ್ಟೇ ಬಿಸಿಲಿದ್ದರೂ ಮಡಕೆಯ ನೀರು ತಂಪಾಗಿರುತ್ತದೆ, ಯಾಕೆಂದರೆ ಒಸರಿದ ನೀರು ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಭತ್ತದ ತೆನೆಯೂ ಹಾಗೇ ಬೆವರುತ್ತದೆ. ಗಾಳಿ ಒಣದಾಗಿದ್ದು, ಬೇರಿಗೆ ನೀರಿದ್ದರೆ ತೆನೆ ಗಾಳಿಗಿಂತ ತಂಪಾಗಿರುತ್ತದೆ. ಆಸ್ಟ್ರೇಲಿಯಾದ ರಿವರೈನಾ ಅನ್ನುವ ಒಣ ಸೀಮೆಯಲ್ಲಿ ಜಪಾನಿನ ಮತ್ಸುಯಿ ಮತ್ತು ಜೊತೆಗಾರರು ಅಳೆದಾಗ ತೆನೆ ಗಾಳಿಗಿಂತ ಆರೇಳು ಡಿಗ್ರಿ ತಂಪಾಗಿತ್ತು. ಅಲ್ಲಿ ಗಾಳಿ 38 ಮುಟ್ಟಿದರೂ ಬೆಳೆ ಬದುಕುತ್ತದೆ. ಚೀನಾದ ಯಾಂಗ್ಟ್ಸಿ ನದಿ ಬಯಲಿನ ಜಿಗುಟು ಸೆಕೆಯಲ್ಲಿ, ಗಾಳಿ ನಿಂತುಹೋದ ದಿನಗಳಲ್ಲಿ, ತೆನೆ ಗಾಳಿಗಿಂತ ಬಿಸಿಯಾಗಿದ್ದು ಕಂಡುಬಂತು. ಅಲ್ಲಿ ಕಡಿಮೆ ಬಿಸಿಗೇ ಜೊಳ್ಳು. ಮಂಗಳೂರಿನ 34ರಲ್ಲಿ ನಾವು ಬೆವರಿ ಒದ್ದೆಯಾಗಿ ಸುಸ್ತಾಗುತ್ತೇವೆ, ರಾಯಚೂರಿನ 38ರಲ್ಲಿ ನೆರಳಿದ್ದರೆ ತಡೆಯುತ್ತೇವೆ. ಭತ್ತದ ಪಾಡೂ ಅದೇ.

ಹಾಗಾಗಿ ನಮ್ಮ ಒಣ ಸೀಮೆಯ ಭತ್ತ ಉಳಿದಿರುವುದು ತನ್ನ ಬೆವರಿನಿಂದ. ಆ ಬೆವರು ನಿಂತ ದಿನ ಅಪಾಯ. ನಿಲ್ಲುವುದು ಎರಡು ರೀತಿಯಲ್ಲಿ. ಒಂದು, ನೀರು ತಪ್ಪಿದಾಗ. ಕಾಲುವೆಯ ಕೊನೆ ಭಾಗದವರಿಗೆ ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ನೀರು ಬರುವುದೇ ಕಷ್ಟ. ಸರಿಯಾಗಿ ಹೂ ಬಿಡುವ ವಾರ ಗದ್ದೆ ಬಿರುಕು ಬಿಟ್ಟರೆ ತೆನೆ ಬೆವರುವುದನ್ನು ಕಡಿಮೆ ಮಾಡುತ್ತದೆ, ಒಳಗಿನ ಬಿಸಿ ಏರುತ್ತದೆ. ಕಾಲುವೆ ಮೇಲ್ಭಾಗದಲ್ಲಿ ಬಾಗಿದ ತೆನೆ, ಕೊನೆಯಲ್ಲಿ ನೆಟ್ಟಗಿನ ತೆನೆ ಕಂಡರೆ ಬರೀ ಬರ ಅಂತ ಬರೆದುಕೊಳ್ಳುತ್ತೇವೆ. ಅದರಲ್ಲಿ ಸೆಕೆಯ ಪಾಲೂ ಇದೆ. ಎರಡನೆಯದು, ಅಕಾಲ ಮಳೆಯ ಮೋಡ ಕವಿದು ಗಾಳಿ ತೇವವಾದಾಗ. ಥರ್ಮಾಮೀಟರ್ ಎರಡು ಡಿಗ್ರಿ ಕಡಿಮೆ ತೋರಿಸಿದರೂ ಹೂವಿಗೆ ಆ ದಿನ ಕಷ್ಟದ್ದಾಗಿರಬಹುದು.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗುತ್ತಿರುವುದಕ್ಕೂ ಇಲ್ಲಿ ಒಂದು ಕೊಂಡಿ ಇದೆ. ಅದು ಹೆಚ್ಚಾದರೆ ಎಲೆಗಳು ತಮ್ಮ ಸಣ್ಣ ರಂಧ್ರಗಳನ್ನು ಸ್ವಲ್ಪ ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ ನಿಜ, ಆದರೆ ಬೆವರು ಕಡಿಮೆಯಾಗಿ ಬೆಳೆಯ ಸುತ್ತಲಿನ ಬಿಸಿ ಏರುತ್ತದೆ. ಅಂದರೆ ಅದೇ ಅನಿಲ ಭೂಮಿಯನ್ನು ಬಿಸಿ ಮಾಡುವುದು ಒಂದು ಕಡೆ, ಹೂವಿನ ತಂಪನ್ನು ಕಿತ್ತುಕೊಳ್ಳುವುದು ಇನ್ನೊಂದು ಕಡೆ.

ರಾತ್ರಿಯ ಲೆಕ್ಕ

ಹಗಲಿನ ಸೆಕೆ ಕಣ್ಣಿಗೆ ಕಾಣುತ್ತದೆ. ರಾತ್ರಿಯದು ಸದ್ದಿಲ್ಲದೆ ಕೆಲಸ ಮಾಡುತ್ತದೆ.

2004ರಲ್ಲಿ ಅದೇ ಲಾಸ್ ಬಾನ್ಯೋಸ್‌ನಿಂದ ಶಾವೊಬಿಂಗ್ ಪೆಂಗ್ ಮತ್ತು ಜೊತೆಗಾರರು ಒಂದು ಪ್ರಬಂಧ ಪ್ರಕಟಿಸಿದರು. ಆ ಸಂಸ್ಥೆಯ ಹವಾಮಾನ ದಾಖಲೆಯಲ್ಲಿ 1979ರಿಂದ 2003ರವರೆಗೆ ಹಗಲಿನ ಗರಿಷ್ಠ ಬಿಸಿ ಬರೀ 0.35 ಡಿಗ್ರಿ ಏರಿದ್ದರೆ ರಾತ್ರಿಯ ಕನಿಷ್ಠ 1.13 ಡಿಗ್ರಿ ಏರಿತ್ತು. ಅಲ್ಲೇ 1992ರಿಂದ 2003ರವರೆಗೆ ಚೆನ್ನಾಗಿ ಗೊಬ್ಬರ ನೀರು ಕೊಟ್ಟು ಬೆಳೆದ ಭತ್ತದ ಇಳುವರಿಯನ್ನು ಜೊತೆಗಿಟ್ಟು ನೋಡಿದಾಗ, ಬೇಸಿಗೆ ಹಂಗಾಮಿನಲ್ಲಿ ರಾತ್ರಿಯ ಬಿಸಿ ಒಂದು ಡಿಗ್ರಿ ಏರಿದರೆ ಇಳುವರಿ ನೂರಕ್ಕೆ ಹತ್ತರಷ್ಟು ಇಳಿಯುತ್ತಿತ್ತು. ಹಗಲಿನ ಬಿಸಿಗೂ ಇಳುವರಿಗೂ ಅಂಥ ನಂಟು ಕಾಣಲಿಲ್ಲ.

ಈ 'ಡಿಗ್ರಿಗೆ ಹತ್ತು' ಅನ್ನುವ ಅಂಕಿ ಆಮೇಲೆ ಎಲ್ಲ ಕಡೆ ಓಡಾಡಿತು. ನಾನು ಅದನ್ನು ಕಲ್ಲಿನಲ್ಲಿ ಕೊರೆದ ಮಾತು ಅಂತ ತೆಗೆದುಕೊಳ್ಳುವುದಿಲ್ಲ. ಮೋಡ ಜಾಸ್ತಿ ಇದ್ದ ಹಂಗಾಮಿನಲ್ಲಿ ರಾತ್ರಿ ಬೆಚ್ಚಗಿರುತ್ತದೆ, ಹಗಲಿನ ಬೆಳಕೂ ಕಡಿಮೆ ಇರುತ್ತದೆ. ಇಳುವರಿ ಕಡಿಮೆಯಾಗಿದ್ದರಲ್ಲಿ ಬೆಳಕಿನ ಪಾಲೆಷ್ಟು, ರಾತ್ರಿಯದೆಷ್ಟು ಅಂತ ಬೇರೆ ವಿಜ್ಞಾನಿಗಳು ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಬೇರೆ ಕಡೆಗಳಲ್ಲಿ ಗದ್ದೆಯ ಮೇಲೆ ಬೇಕೆಂದೇ ರಾತ್ರಿ ಮಾತ್ರ ಬಿಸಿ ಕೊಟ್ಟು ನೋಡಿದಾಗಲೂ ಇಳುವರಿ ಇಳಿದಿದೆ. ಎಷ್ಟು ಅನ್ನುವುದರ ಬಗ್ಗೆ ಜಗಳ ಇರಬಹುದು, ಇಳಿಯುತ್ತದೆ ಅನ್ನುವುದರ ಬಗ್ಗೆ ಇಲ್ಲ.

ರಾತ್ರಿ ಏನಾಗುತ್ತದೆ? ಹಗಲು ಎಲೆ ಸಕ್ಕರೆ ಮಾಡುತ್ತದೆ. ರಾತ್ರಿ ಬಿಸಿಲಿಲ್ಲ, ಗಳಿಕೆ ಇಲ್ಲ, ಆದರೆ ಗಿಡ ಉಸಿರಾಡಬೇಕು, ಅದಕ್ಕೆ ಸಕ್ಕರೆ ಸುಡಬೇಕು. ಈ ಸುಡುವ ವೇಗ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 22 ಡಿಗ್ರಿಯ ರಾತ್ರಿಯ ಬದಲು 27 ಡಿಗ್ರಿಯ ರಾತ್ರಿ ಬಂದರೆ ಸುಮಾರು ನೂರಕ್ಕೆ ನಲವತ್ತರಷ್ಟು ಜಾಸ್ತಿ. ಕೆಲವು ದಿನ ಕಳೆದರೆ ಗಿಡ ಸ್ವಲ್ಪ ಹೊಂದಿಕೊಳ್ಳುತ್ತದೆ, ಅಷ್ಟು ಪೂರ್ತಿ ಹೋಗುವುದಿಲ್ಲ. ಆದರೂ ಹಗಲು ಗಳಿಸಿದ್ದರಲ್ಲಿ ದೊಡ್ಡ ಪಾಲು ರಾತ್ರಿಯ ಬಾಡಿಗೆಗೇ ಹೋದ ಹಾಗೆ.

ಜೊಳ್ಳಿಗೂ ಇದಕ್ಕೂ ಕೊಂಡಿ ಎಲ್ಲಿ ಬಂತು ಅಂದರೆ, ಪರಾಗದಲ್ಲಿ. ತೆನೆ ಇನ್ನೂ ಹೊಡೆಯೊಳಗೆ ಇರುವಾಗ, ಹೂ ಅರಳಲು ಒಂದೆರಡು ವಾರ ಮೊದಲು, ಪರಾಗ ತಯಾರಾಗುತ್ತಿರುತ್ತದೆ. ಪ್ರತಿ ಕಣದೊಳಗೂ ಹಿಟ್ಟಿನ ಬುತ್ತಿ ಕಟ್ಟಬೇಕು. ಮುಂದೆ ಮೊಳೆತು ನಳಿಕೆ ಇಳಿಸಲು ಅದೇ ಶಕ್ತಿ. ಬಿಸಿ ರಾತ್ರಿಗಳಲ್ಲಿ ಈ ಬುತ್ತಿ ಸರಿಯಾಗಿ ತುಂಬುವುದಿಲ್ಲ. ಅಂಥ ಪರಾಗ ನೋಡಲು ಪರಾಗವೇ, ಉದುರಲೂಬಹುದು, ಮೊಳೆಯುವುದು ಮಾತ್ರ ಕಡಿಮೆ. ಅಮೆರಿಕದ ಟೆಕ್ಸಾಸ್‌ನಲ್ಲಿ ರಾತ್ರಿಯ ಬಿಸಿಯನ್ನು 27ರ ಬದಲು 32 ಡಿಗ್ರಿಗೆ ಏರಿಸಿ ಬೆಳೆದ ಭತ್ತದಲ್ಲಿ ಪರಾಗ ಮೊಳೆಯುವುದೂ ಇಳಿಯಿತು, ಜೊಳ್ಳೂ ವಿಪರೀತವಾಯಿತು.

ಆದರೆ 32 ಡಿಗ್ರಿ ರಾತ್ರಿ ನಮ್ಮಲ್ಲಿ ಎಲ್ಲಿದೆ? ರಾಯಚೂರಿನಲ್ಲಿ ಏಪ್ರಿಲ್ ರಾತ್ರಿಯ ಕನಿಷ್ಠ ಸಾಮಾನ್ಯವಾಗಿ 25-26ರ ಆಸುಪಾಸು. ಹಾಗಾಗಿ ನನ್ನ ಲೆಕ್ಕದಲ್ಲಿ ಸದ್ಯಕ್ಕೆ ನಮ್ಮಲ್ಲಿ ಜೊಳ್ಳಿನ ದೊಡ್ಡ ಆರೋಪಿ ಹಗಲಿನ ಹತ್ತು ಹನ್ನೊಂದರ ಬಿಸಿಯೇ. ರಾತ್ರಿ ಕದಿಯುವುದು ತೂಕವನ್ನು ಮತ್ತು ಅಕ್ಕಿಯ ಅಂದವನ್ನು. ಹಾಲು ತುಂಬುವ ವಾರಗಳಲ್ಲಿ ರಾತ್ರಿ ಬಿಸಿಯಾಗಿದ್ದರೆ ಕಾಳಿನೊಳಗೆ ಹಿಟ್ಟು ಒತ್ತೊತ್ತಾಗಿ ಕೂರುವುದಿಲ್ಲ, ನಡುನಡುವೆ ಗಾಳಿ ಉಳಿಯುತ್ತದೆ. ಅಕ್ಕಿಯ ಹೊಟ್ಟೆಯಲ್ಲಿ ಸುಣ್ಣದಂಥ ಬಿಳಿ ಮಚ್ಚೆ ಕಾಣುವುದು ಅದಕ್ಕೇ. ಗಿರಣಿಯಲ್ಲಿ ಅಂಥ ಕಾಳು ಮುರಿದು ನುಚ್ಚಾಗುತ್ತದೆ. ಗದ್ದೆಯಲ್ಲಿ 30 ಚೀಲ ಬಂದರೂ ಅಕ್ಕಿ ಕಡಿಮೆ, ನುಚ್ಚು ಜಾಸ್ತಿ ಅನ್ನುವ ದೂರಿನ ಹಿಂದೆ ಹಲವು ಕಾರಣಗಳಿರುತ್ತವೆ. ಬೆಚ್ಚಗಿನ ರಾತ್ರಿ ಅವುಗಳಲ್ಲಿ ಒಂದು.

ರಾತ್ರಿಯ ಬಗ್ಗೆ ಒಂದು ಒಳ್ಳೆಯ ಮಾತೂ ಇದೆ. ಹಿಂದಿನ ವಾರದ ರಾತ್ರಿಗಳು ಬೆಚ್ಚಗಿದ್ದರೆ ಭತ್ತದ ಹೂ ಬೆಳಿಗ್ಗೆ ಸ್ವಲ್ಪ ಮುಂಚೆ ಅರಳುತ್ತದೆ. ಬೇರೆಬೇರೆ ಹವೆಯ ಊರುಗಳಲ್ಲಿ ಹೋಲಿಸಿ ನೋಡಿದಾಗ ಇದು ಕಂಡಿದೆ. ಬಿಸಿಲು ಏರುವ ಮೊದಲೇ ಕೆಲಸ ಮುಗಿಸುವ ಬುದ್ಧಿ ಗಿಡಕ್ಕೇ ಇದೆ. ಆದರೆ ಅದು ತಪ್ಪಿಸಿಕೊಳ್ಳುವಷ್ಟು ಮುಂಚೆ ಅರಳುವುದಿಲ್ಲ ಅನ್ನುವುದೇ ತೊಂದರೆ.

ಮಾಡಬಹುದಾದ್ದು

ತಳಿ ಅಭಿವೃದ್ಧಿ ಮಾಡುವವರು ಹಿಡಿದಿರುವುದು ಇದೇ ಎಳೆಯನ್ನು. ಹೇಗೂ ಬೆಳಿಗ್ಗೆ ಅರಳುತ್ತದೆ, ಇನ್ನೂ ಒಂದೆರಡು ಗಂಟೆ ಮುಂಚೆ ಅರಳಿಸಿದರೆ? ಒರೈಸಾ ಅಫಿಷಿನಾಲಿಸ್ ಅನ್ನುವ ಕಾಡು ಭತ್ತ ಬೆಳಿಗ್ಗೆ ಬೇಗ ಹೂ ಬಿಡುತ್ತದೆ. ಅದರ ಆ ಗುಣವನ್ನು ಜಪಾನ್ ಮತ್ತು ಫಿಲಿಪೈನ್ಸಿನ ವಿಜ್ಞಾನಿಗಳು ಐಆರ್ 64 ತಳಿಗೆ ಸೇರಿಸಿದ್ದಾರೆ. ಆ ಗಿಡಗಳು ಸಾಮಾನ್ಯ ಐಆರ್ 64ಗಿಂತ ಸುಮಾರು ಒಂದೂವರೆ ಎರಡು ಗಂಟೆ ಮುಂಚೆ ಅರಳುತ್ತವೆ. ಬಿಸಿಯನ್ನು ಎದುರಿಸುವುದಲ್ಲ, ಅದು ಬರುವ ಮೊದಲೇ ಎದ್ದು ಹೋಗುವುದು. ನನಗೆ ಈ ಉಪಾಯ ಬಹಳ ಜಾಣತನದ್ದು ಅನ್ನಿಸುತ್ತದೆ.

ಎದುರಿಸಿ ನಿಲ್ಲುವ ತಳಿಯೂ ನಮ್ಮ ದೇಶದ್ದೇ ಇದೆ. ಉತ್ತರ ಪ್ರದೇಶದ ನಗೀನಾದಿಂದ ಬಂದ ನಗೀನಾ 22, ಚಿಕ್ಕದಾಗಿ ಎನ್ 22. ಬೇರೆ ಎಷ್ಟೋ ತಳಿಗಳು ಬಹುಪಾಲು ಜೊಳ್ಳಾಗುವ 38 ಡಿಗ್ರಿಯಲ್ಲೂ ಇದು ಕಾಳು ಕಟ್ಟುತ್ತದೆ. ಬಿಸಿ ರಾತ್ರಿಗಳನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಎನ್ 22 ಅನ್ನೇ ಬೆಳೆಯಿರಿ ಅಂದರೆ ಯಾರೂ ಒಪ್ಪುವುದಿಲ್ಲ. ಇಳುವರಿ ಕಡಿಮೆ, ಗಿಡ ಬೀಳುತ್ತದೆ, ಸೋನಾ ಅಕ್ಕಿಯ ರುಚಿ ಕಂಡ ಮಾರುಕಟ್ಟೆಗೆ ಅದರ ಕಾಳು ಬೇಡ. ಅದರ ಗುಣವನ್ನು ಮಾತ್ರ ಒಳ್ಳೆಯ ತಳಿಗೆ ಸೇರಿಸಬೇಕು. ಆ ಗುಣ ಒಂದೇ ಜೀನಿನಲ್ಲಿ ಕೂತಿಲ್ಲವಾದ್ದರಿಂದ ಕೆಲಸ ನಿಧಾನ.

ಅಲ್ಲಿಯವರೆಗೆ ರೈತರ ಕೈಯಲ್ಲಿರುವ ದೊಡ್ಡ ಅಸ್ತ್ರ ಬಿತ್ತನೆಯ ತಾರೀಖು. ಲೆಕ್ಕವನ್ನು ನಾಟಿಯಿಂದ ಮುಂದಕ್ಕೆ ಹಾಕಬೇಡಿ, ಹೂವಿನಿಂದ ಹಿಂದಕ್ಕೆ ಹಾಕಿ. ಮಾರ್ಚ್ ಮಧ್ಯದ ಹೊತ್ತಿಗೆ ಹೂ ಬರಬೇಕು ಅಂದರೆ, ತಳಿಯ ಒಟ್ಟು ದಿನದಲ್ಲಿ 30 ಕಳೆದು, ಅಷ್ಟು ದಿನ ಹಿಂದೆ ಬಿತ್ತಬೇಕು. 130 ದಿನದ್ದಾದರೆ ಡಿಸೆಂಬರ್ ಮೊದಲ ವಾರದೊಳಗೆ. ಅದು ದಾಟಿತು ಅಂದರೆ 115-120 ದಿನದ ತಳಿಗೆ ಹೋಗುವುದು ಒಳ್ಳೆಯದು. ಇಲ್ಲೊಂದು ಗುಂಡಿ ಇದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಸಸಿ ಮಂಕಾಗಿ ನಿಲ್ಲುತ್ತದೆ. ಇಪ್ಪತ್ತು ದಿನ ಮುಂಚೆ ಬಿತ್ತಿದರೆ ಹೂ ಇಪ್ಪತ್ತು ದಿನ ಮುಂಚೆ ಬರುವುದಿಲ್ಲ, ಹದಿನಾಲ್ಕು ಹದಿನೈದು ದಿನ ಬಂದರೆ ಪುಣ್ಯ. ಕಾಲುವೆಗೆ ನೀರು ಬಿಡುವ ದಿನ ರೈತರ ಕೈಯಲ್ಲಿ ಇಲ್ಲ ಅನ್ನುವುದು ಇನ್ನೊಂದು. ಸಸಿಮಡಿಯನ್ನು ಬೋರ್ ನೀರಲ್ಲಿ ಮೊದಲೇ ಮಾಡಿಕೊಂಡವರು ಆ ಮಟ್ಟಿಗೆ ಬಚಾವ್.

ಹೂ ಬಿಡುವ ಆ ಹತ್ತು ಹನ್ನೆರಡು ದಿನ ಗದ್ದೆಯಲ್ಲಿ ಎರಡು ಇಂಚು ನೀರು ನಿಂತಿರಬೇಕು, ಬತ್ತಲು ಬಿಡಬಾರದು. ಸರದಿಯಲ್ಲಿ ನೀರು ಸಿಗುವವರು ಬೇರೆ ಹಂತಗಳಲ್ಲಿ ಒಂದಿಷ್ಟು ಉಳಿಸಿ ಈ ದಿನಗಳಿಗೆ ಇಟ್ಟುಕೊಂಡರೆ ಲಾಭ. ಮಡಕೆಯಲ್ಲಿ ನೀರಿಲ್ಲದಿದ್ದರೆ ಅದು ತಂಪಾಗುವುದು ಹೇಗೆ? ಇನ್ನೊಂದು ತಪ್ಪನ್ನು ನಾನು ಬಹಳ ಕಡೆ ನೋಡಿದ್ದೇನೆ. ಬೆಳಿಗ್ಗೆ ತಂಪು ಅಂತ ಒಂಬತ್ತರಿಂದ ಹನ್ನೆರಡರ ನಡುವೆ ಔಷಧಿ ಹೊಡೆಯುವುದು. ಹೂ ಬಾಯಿ ತೆರೆದಿರುವ ಹೊತ್ತೇ ಅದು. ಹೊಡೆಯಲೇಬೇಕಾದರೆ ಮಧ್ಯಾಹ್ನ ಮೂರರ ಮೇಲೆ ಹೊಡೆಯಿರಿ, ಆಗ ಗೂಡುಗಳೆಲ್ಲ ಮುಚ್ಚಿರುತ್ತವೆ.

ಇಷ್ಟಾದರೂ ಯಾವುದೋ ವರ್ಷ ಮಾರ್ಚ್‌ನಲ್ಲೇ ಏಪ್ರಿಲ್‌ನ ಬಿಸಿಲು ಬಂದುಬಿಟ್ಟರೆ ತಾರೀಖಿನ ಲೆಕ್ಕ ತಲೆಕೆಳಗಾಗುತ್ತದೆ. 2022ರ ಮಾರ್ಚ್‌ನಲ್ಲಿ ಉತ್ತರ ಭಾರತದ ಗೋಧಿಗೆ ಆಗಿದ್ದು ಅದೇ.

ನಮ್ಮ ನೆಂಟರು ಬೀಜದ ಅಂಗಡಿಯವನನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ. ಆದರೆ ಮರುವರ್ಷ ಸಸಿಮಡಿಯನ್ನು ಡಿಸೆಂಬರ್ 3ಕ್ಕೆ ಹಾಕಿದರು. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡಿ, "ಹೂ ಬಾಯಿ ತಗದಾವ ನೋಡಪಾ, ಗಾಳಿ ತಂಪ ಐತಿ" ಅಂದರು.